ಬಾಕಿ ಕೆಲಸ, ಬಾಕಿ ದುಡ್ಡು: ಮನೆ ಕಟ್ಟಿಸಿದ ಅಳಿಯನಿಗೆ ಮಾವನ ಕಿವಿಮಾತು

ಮುಂದಿನ ತಿಂಗಳು ಗೃಹಪ್ರವೇಶ ಅಂದೆ. ಮೇಸ್ತ್ರಿ ಆಗಲೇ "ಲೆಕ್ಕ ಚುಕ್ತಾ ಮಾಡಿಬಿಡಿ ಸಾರ್, ಸಣ್ಣಪುಟ್ಟದ್ದು ಆಮೇಲೆ ಬಂದು ಮಾಡಿಕೊಡ್ತೀನಿ" ಅಂತಿದ್ದಾನೆ ಅಂತಲೂ ಹೇಳಿದೆ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಅಳತೆ ಪುಸ್ತಕ ಬರೆದವನು ನಾನು. ಆ "ಸಣ್ಣಪುಟ್ಟದ್ದು" ಏನೇನು, ಯಾರದು ಅನ್ನುವುದನ್ನು ಕಾಗದದ ಮೇಲೆ ಇಳಿಸದೆ ಕೊನೆಯ ಕಂತು ಕೊಡಬೇಡ.

• ಪಟ್ಟಿಯನ್ನು ಗೃಹಪ್ರವೇಶಕ್ಕೆ ಮೂರು ವಾರ ಮೊದಲೇ ಮಾಡು. ಹೋಮ ಆಗಿ, ನೂರು ಜನ ಓಡಾಡಿ, ಬೀರು ಎಳೆದಾಡಿದ ಮೇಲೆ ಗ್ರಾನೈಟಿನಲ್ಲಿ ಗೀರು ತೋರಿಸಿದರೆ "ಅದು ನಿಮ್ಮ ನೆಂಟರು ಮಾಡಿದ್ದು" ಅನ್ನುತ್ತಾರೆ. ಆ ಮಾತಿಗೆ ನಿನ್ನ ಹತ್ತಿರ ಉತ್ತರ ಇರುವುದಿಲ್ಲ. ಪಟ್ಟಿ ಮಾಡುವ ದಿನ ಮೇಲಿನ ಟ್ಯಾಂಕಿನಲ್ಲಿ ನೀರು, ಲೈನಿನಲ್ಲಿ ಕರೆಂಟು ಎರಡೂ ಇರಲಿ. ಇವಿಲ್ಲದೆ ನೋಡಿದರೆ ಅರ್ಧ ತಪ್ಪು ಕಣ್ಣಿಗೇ ಬೀಳುವುದಿಲ್ಲ.

• ಬರೀ ಕಣ್ಣಿನಿಂದ ನೋಡಬೇಡ. ಒಂದು ಬಕೆಟ್, ಒಂದು ಟಾರ್ಚು, ಒಂದು ಐದು ರೂಪಾಯಿ ನಾಣ್ಯ ಸಾಕು. ಪ್ರತಿ ಟೈಲ್ಸನ್ನೂ ನಾಣ್ಯದಿಂದ ತಟ್ಟು. ಗಟ್ಟಿ ಕೂತಿದ್ದರೆ ಸದ್ದು ಚಿಕ್ಕದು, ಅಡಿಯಲ್ಲಿ ಗಾರೆ ತುಂಬಿಲ್ಲದಿದ್ದರೆ ಪೊಳ್ಳು ಸದ್ದು. ಒಂದು ಮೂಲೆಯಲ್ಲಿ ಅಷ್ಟೇ ಪೊಳ್ಳಾದರೆ ಜಗಳ ಬೇಡ. ಅರ್ಧ ಟೈಲ್ಸು, ಇಲ್ಲವೇ ಒಂದಿಡೀ ಅಂಚು ಪೊಳ್ಳಾಗಿದ್ದರೆ ಪಟ್ಟಿಗೆ ಹಾಕು; ಭಾರ ಬಿದ್ದ ದಿನ ಅದು ಸೀಳುತ್ತದೆ. ಬಾತ್‌ರೂಮಿನಲ್ಲಿ ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟು ನೋಡು. ಮೂಲೆಯಲ್ಲಿ ನೀರು ನಿಂತರೆ ವಾಟ ತಪ್ಪಿದೆ. ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ವಾಟ ಸರಿಹೋಗುವುದಿಲ್ಲ, ಟೈಲ್ಸ್ ಎತ್ತಲೇಬೇಕು. ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿ, ಪ್ಲಾಸ್ಟರಿನ ಉಬ್ಬುತಗ್ಗು ನೆರಳಿನಲ್ಲಿ ಎದ್ದು ಕಾಣುತ್ತದೆ.

• ಪಟ್ಟಿಯ ಒಂದು ಸಾಲಿಗೆ ಒಂದೇ ತಪ್ಪು. "ಬಾತ್‌ರೂಮ್ ಸರಿ ಮಾಡಬೇಕು" ಅಂತ ಬರೆದರೆ ಒಂದು ಸಂದಿ ಒರೆಸಿ "ಆಯ್ತು ಸಾರ್" ಅನ್ನುತ್ತಾರೆ. "ಮೇಲಿನ ಬಾತ್‌ರೂಮು, ಬಾಗಿಲ ಎಡಮೂಲೆ, ಎರಡು ಟೈಲ್ಸಿನಷ್ಟು ಜಾಗದಲ್ಲಿ ನೀರು ನಿಲ್ಲುತ್ತದೆ, ಟೈಲ್ಸ್ ಕೆಲಸದವನು, 12ನೇ ತಾರೀಖಿನೊಳಗೆ, ಬಕೆಟ್ ನೀರು ಸುರಿದು ನೋಡಿ ಒಪ್ಪಬೇಕು" ಅಂತ ಬರೆ. ಸಾಲಿನ ನಂಬರನ್ನು ಪೇಂಟರ್ ಬಳಸುವ ಟೇಪಿನ ಮೇಲೆ ಬರೆದು ಆ ಜಾಗಕ್ಕೇ ಅಂಟಿಸಿ, ನಂಬರು ಕಾಣುವ ಹಾಗೆ ಫೋಟೋ ತೆಗೆದುಕೋ. ಗೋಡೆಗೆ ಪೆನ್ನು ಮುಟ್ಟಿಸಿದರೆ ಅದೇ ಇನ್ನೊಂದು ಸಾಲಾಗುತ್ತದೆ.

• ತಪ್ಪು ಕಾಣುವ ಜಾಗ ಬೇರೆ, ಹುಟ್ಟಿದ ಜಾಗ ಬೇರೆ. ಬಾಗಿಲು ಉಜ್ಜುತ್ತಿದ್ದರೆ ತಕ್ಷಣ ಕಾರ್ಪೆಂಟರನ್ನು ಬೈಯಬೇಡ. ಮೇಲೆ ಮತ್ತು ಪಕ್ಕದಲ್ಲಿ ಸಂದು ಸಮನಾಗಿದ್ದು ಕೆಳಗೆ ಮಾತ್ರ ಉಜ್ಜಿದರೆ ನೆಲ ಎತ್ತರವಾಗಿದೆ. ಚೌಕಟ್ಟೇ ತೂಗುಗುಂಡಿಗೆ ಹೊಂದದಿದ್ದರೆ ಅದನ್ನು ಗೋಡೆಗೆ ಕೂರಿಸಿದ ಮೇಸ್ತ್ರಿಯದು. ಬಿರುಕಿನದೂ ಅಷ್ಟೇ. ಪಿಲ್ಲರಿಗೂ ಇಟ್ಟಿಗೆ ಗೋಡೆಗೂ ಸೇರುವಲ್ಲಿ ನೆಟ್ಟಗೆ ಗೆರೆ ಎದ್ದಿದ್ದರೆ, ಆ ಸಂದಿಗೆ ಕೋಳಿಬಲೆಯಂಥ ತಂತಿಜಾಲರಿ ಹಾಕದೆ ಪ್ಲಾಸ್ಟರ್ ಮಾಡಿರುವ ಸಾಧ್ಯತೆಯೇ ಹೆಚ್ಚು. ಪೇಂಟರ್ ಅಲ್ಲಿ ಎಷ್ಟು ಸಲ ಪುಟ್ಟಿ ತುಂಬಿದರೂ ಮತ್ತೆ ಬಾಯಿಬಿಡುತ್ತದೆ. ಜೇಡರ ಬಲೆಯಂತೆ ಹರಡಿದ ಕೂದಲೆಳೆ ಗೆರೆಗಳು ಸಾಮಾನ್ಯವಾಗಿ ಪ್ಲಾಸ್ಟರ್ ಬೇಗ ಒಣಗಿದ್ದರಿಂದ, ನೀರುಣಿಸಿದ್ದು ಸಾಲದ್ದರಿಂದ ಬಂದವು. ಅವು ಪುಟ್ಟಿಯಲ್ಲಿ ಮುಚ್ಚುತ್ತವೆ.

• ಮೂವರೂ "ನಂದಲ್ಲ" ಅಂದಾಗ ನೀರನ್ನೇ ಸಾಕ್ಷಿ ಕೇಳು. ನನ್ನ ಮನೆಯಲ್ಲೇ ಆದದ್ದು ಇದು. ಮೇಲಿನ ಬಾತ್‌ರೂಮಿನ ಅಡಿಗೆ, ಹಾಲಿನ ತಾರಸಿಯಲ್ಲಿ ತಟ್ಟೆಯಗಲದ ತೇವ. ಪ್ಲಂಬರ್ ಟೈಲ್ಸಿನವನನ್ನು ತೋರಿಸಿದ, ಅವನು ಮೇಸ್ತ್ರಿಯನ್ನು, ಮೇಸ್ತ್ರಿ ಪ್ಲಂಬರನ್ನು. ನಾನು ಬಾತ್‌ರೂಮಿಗೆ ಬೀಗ ಹಾಕಿ, ತೇವದ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದೆ. ಮೊದಲು ನಲ್ಲಿಗಳನ್ನೆಲ್ಲ ಮುಚ್ಚಿ, ಪೈಪಿನಲ್ಲಿ ಟ್ಯಾಂಕಿನ ನೀರು ಹಾಗೇ ನಿಲ್ಲುವಂತೆ ಎರಡು ದಿನ ಬಿಟ್ಟೆ. ತೇವ ಬೆಳೆಯಲಿಲ್ಲ, ಹಾಗಾಗಿ ನೀರು ಬರುವ ಪೈಪು ಬಚಾವಾಯಿತು. ಆಮೇಲೆ ನೀರು ಹೋಗುವ ತೂತಿಗೆ ಬಟ್ಟೆ, ಪ್ಲಾಸ್ಟಿಕ್ ಬಿಗಿದು, ನೆಲದ ಮೇಲೆ ಒಂದಿಂಚು ನೀರು ಒಂದು ಹಗಲು ಒಂದು ರಾತ್ರಿ ನಿಲ್ಲಿಸಿ, ಎತ್ತಿ ಹೊರಗೆ ಚೆಲ್ಲಿ, ಮತ್ತೆರಡು ದಿನ ಕಾದೆ. ಗೆರೆ ದಾಟಲಿಲ್ಲ. ನೆಲದ ವಾಟರ್‌ಪ್ರೂಫಿಂಗೂ ಟೈಲ್ಸ್ ಸಂದಿಯೂ ಪಾರಾದವು. ಕೊನೆಗೆ ನೆಲ ನೆನೆಯದಂತೆ ತೂತಿನೊಳಗೇ ಕೊಳವೆ ಇಟ್ಟು ನಾಲ್ಕು ಬಕೆಟ್ ಸುರಿದೆ. ಮಾರನೇ ಬೆಳಿಗ್ಗೆ ತೇವ ಗೆರೆ ದಾಟಿ ಎರಡು ಬೆರಳು ಮುಂದೆ ಬಂದಿತ್ತು. ಟ್ರ್ಯಾಪಿಗೂ ಪೈಪಿಗೂ ಸೇರುವ ಜಾಯಿಂಟು ಸಡಿಲ, ಪ್ಲಂಬರನೇ ಒಪ್ಪಿಕೊಂಡ. ಪ್ರತಿ ಪರೀಕ್ಷೆಯ ನಡುವೆ ಎರಡು ದಿನ ಕಾಯುವುದನ್ನು ತಪ್ಪಿಸಬೇಡ. ಬಾತ್‌ರೂಮಿನ ತಗ್ಗಿಗೆ ತುಂಬಿದ ಜಲ್ಲಿ, ಪುಡಿ ನೀರು ಹೀರಿಟ್ಟುಕೊಂಡು ತಡವಾಗಿ ಬಿಡುತ್ತದೆ, ಆಗ ಹಿಂದಿನ ಪರೀಕ್ಷೆಯ ನೀರು ಮುಂದಿನದರ ಮೇಲೆ ತಪ್ಪು ಹೊರಿಸುತ್ತದೆ.

• ಒಡೆದದ್ದನ್ನು ಯಾರು ಕಟ್ಟಿಕೊಡಬೇಕು ಅನ್ನುವುದೂ ಅದೇ ಸಾಲಿನಲ್ಲಿರಲಿ. ಆ ಜಾಯಿಂಟು ಮುಟ್ಟಲು ನಾಲ್ಕು ಟೈಲ್ಸ್ ಒಡೆಯಬೇಕಾಯಿತು. ಟೈಲ್ಸಿನವನ ತಪ್ಪಿಲ್ಲ, ಅವನ ಕೂಲಿ ಪ್ಲಂಬರಿನ ಲೆಕ್ಕದಿಂದ ಹೋಯಿತು. ಟೈಲ್ಸ್ ನನ್ನದೇ, ಏಕೆಂದರೆ ಒಂದು ಬಾಕ್ಸ್ ಎತ್ತಿಟ್ಟಿದ್ದೆ. ನೀನೂ ಅದೇ ಬ್ಯಾಚಿನ ಒಂದು ಬಾಕ್ಸ್ ಅಂಗಡಿಗೆ ವಾಪಸು ಕೊಡದೆ ಇಟ್ಟುಕೋ. ಮುಂದಿನ ಬ್ಯಾಚಿನಲ್ಲಿ ಬಣ್ಣ ಒಂದು ಛಾಯೆ ಬೇರೆಯಾಗಬಹುದು.

• ಕೆಲಸದ ಸರದಿ ಕೆಡಿಸಬೇಡ. ಮೊದಲು ಒಡೆಯುವ, ನೀರಿನ, ಗಾರೆಯ ಕೆಲಸ. ಆಮೇಲೆ ಬಾಗಿಲು ಮತ್ತು ಸ್ವಿಚ್ಚು. ಎಲ್ಲರೂ ಹೋದ ಮೇಲೆ ಪೇಂಟರ್. ಅವನನ್ನು ಮೊದಲು ಕರೆದರೆ ಎರಡನೇ ಸಲ ಅವನು ಕೂಲಿ ಕೇಳುತ್ತಾನೆ, ಕೇಳುವುದು ನ್ಯಾಯವೂ ಹೌದು.

• ಸಾಲಿಗೊಂದು ಬೆಲೆ ಕಟ್ಟಿ, ಅಷ್ಟನ್ನೇ ಹಿಡಿ. ಇವನು ಬಾರದಿದ್ದರೆ ಬೇರೆಯವರ ಕೈಲಿ ಮಾಡಿಸಲು ಎಷ್ಟಾಗುತ್ತದೋ ಅದೇ ಆ ಸಾಲಿನ ಬೆಲೆ. ನಿನ್ನ ಮೇಸ್ತ್ರಿಗೆ ಬಾಕಿ 1,20,000 ರೂಪಾಯಿ ಅಂದೆ. ಪಟ್ಟಿಯ ಸಾಲುಗಳು ಕೂಡಿ 45,000 ಆದರೆ ಅಷ್ಟು ಹಿಡಿ. ಮಳೆಗಾಲಕ್ಕೆಂದು ಇನ್ನೊಂದು 25,000 ಹಿಡಿ. ಮಿಕ್ಕ 50,000 ಇವತ್ತೇ ಕೊಟ್ಟುಬಿಡು. ಪೂರ್ತಿ ಹಿಡಿದರೆ ಅವನು ಆಳುಗಳಿಗೆ ಬಟವಾಡೆ ಮಾಡಲಾಗದೆ ಇನ್ನೊಂದು ಸೈಟಿಗೆ ಹೋಗಿಬಿಡುತ್ತಾನೆ. ಒಂದು ಸಾಲು ಮುಗಿದು ನೀನು ನೋಡಿ ಒಪ್ಪಿದ ಕೂಡಲೇ ಅದರ ದುಡ್ಡು ಹಾಕು. ಫೋನಿನಲ್ಲಿ ಹಾಕುವಾಗ ಸಾಲಿನ ನಂಬರು ಬರೆ. ಆ 25,000 ಒಂದು ಮುಂಗಾರು ಕಳೆಯುವವರೆಗೆ ನಿನ್ನಲ್ಲೇ ಇರಲಿ. ತಾರಸಿ ಸೋರುವುದು, ಕಿಟಕಿಯ ಅಂಚಿನಿಂದ ಎರಚಲು ಒಳಬರುವುದು ಗಾಳಿಮಳೆಯಲ್ಲೇ ಗೊತ್ತಾಗುವುದು. ಸರ್ಕಾರಿ ಕಾಮಗಾರಿಯಲ್ಲೂ ಹೀಗೇ ಭದ್ರತಾ ಠೇವಣಿ ಹಿಡಿದಿಟ್ಟು ಅವಧಿ ಮುಗಿದ ಮೇಲೆ ಬಿಡುತ್ತಾರೆ.

• ಇಬ್ಬರೂ ರುಜು ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಬಿಲ್ಡರ್ ಹತ್ತಿರ ಫ್ಲಾಟ್ ಕೊಂಡ ನಿನ್ನ ತಂಗಿಗೆ 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಇದೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕೆಲಸದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಸ್ವಂತ ಸೈಟಿನಲ್ಲಿ ಮೇಸ್ತ್ರಿಯಿಂದ ಕಟ್ಟಿಸಿದ ನಿನಗೆ ಆ ಸೆಕ್ಷನ್ ಒದಗುವುದಿಲ್ಲ. ನಿನ್ನ ಬಲ ಈ ರುಜುವಿನ ಕಾಗದ ಮತ್ತು ಹಿಡಿದಿಟ್ಟ ದುಡ್ಡು. ನೀನು ನಡುವೆ ಹೇಳಿ ಮಾಡಿಸಿದ ಹೆಚ್ಚುವರಿ ಕೆಲಸದ ಲೆಕ್ಕವನ್ನು ಈ ಪಟ್ಟಿಗೆ ಬೆರೆಸಬೇಡ, ಅದನ್ನು ಬೇರೆ ಹಾಳೆಯಲ್ಲಿ ಮುಗಿಸು.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಮೇಸ್ತ್ರಿಗೂ ಬರಲು ಹೇಳಿರು, ಟ್ಯಾಂಕ್ ತುಂಬಿಸಿರು. ಟೈಲ್ಸ್ ತಟ್ಟುವ ನಾಣ್ಯ ನನ್ನ ಜೇಬಿನಲ್ಲೇ ಇರುತ್ತದೆ.