ಯುಗಾದಿಯಂದು ಕೈತಪ್ಪಿದ ಏರಿಕೆ

2017ರ ಜುಲೈ ಕೊನೆಯಲ್ಲಿ ನಿಫ್ಟಿ ಮೊದಲ ಸಲ 10,000ದ ಮೇಲೆ ಮುಕ್ತಾಯವಾದಾಗ ನನ್ನ ಉಳಿತಾಯ ಖಾತೆಯಲ್ಲಿ 5 ಲಕ್ಷ ರೂಪಾಯಿ ಇತ್ತು. ಇಂಡೆಕ್ಸ್ ಫಂಡಿಗೆ ಹಾಕಬೇಕೆಂದೇ ಕೂಡಿಟ್ಟ ಹಣ. ಮಾರುಕಟ್ಟೆ ತೀರಾ ಮೇಲಿದೆ, ಬೀಳಲಿ, ಆಮೇಲೆ ಹಾಕೋಣ ಎಂದು ಕಾದೆ. ಎರಡೂವರೆ ವರ್ಷಕ್ಕೂ ಹೆಚ್ಚು ಕಾದೆ.

ಬಿತ್ತು. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಶೇ. 13 ಕುಸಿದು 7,610ಕ್ಕೆ ಇಳಿಯಿತು. ನಾನು ಬೇಡವೆಂದು ಬಿಟ್ಟಿದ್ದ ಬೆಲೆಗಿಂತ ಎಷ್ಟೋ ಕೆಳಗೆ! ಆ ಸಂಜೆ ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ‘6,500’ ಎಂದು ಪೆನ್ಸಿಲಿನಲ್ಲಿ ಬರೆದೆ. ಅಲ್ಲಿಗೆ ಬಂದರೆ ಕೊಳ್ಳುವುದೆಂದು.

ಮಾರ್ಚ್ 25 ಯುಗಾದಿ, ಲಾಕ್‌ಡೌನಿನ ಮೊದಲ ದಿನವೂ ಹೌದು. ಒಳಗೆ ಒಬ್ಬಟ್ಟು ಬೇಯುತ್ತಿತ್ತು, ಹೊರಗೆ ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಅಂದು ನಿಫ್ಟಿ ಶೇ. 6.6 ಏರಿತು. ಇದು ನಿಲ್ಲುವ ಏರಿಕೆಯಲ್ಲ ಎಂದುಕೊಂಡೆ. ಏಪ್ರಿಲ್ 7ರಂದು ಮತ್ತೆ ಶೇ. 8.8 ಏರಿತು. ಸೋಂಕಿತರ ಸಂಖ್ಯೆ ದಿನದಿನಕ್ಕೆ ಹೆಚ್ಚುತ್ತಿದ್ದಾಗ ಇದನ್ನು ನಂಬುವುದು ಹೇಗೆ? ಕೊನೆಗೆ ಧೈರ್ಯ ಬಂದದ್ದು ನವೆಂಬರ್ 24ಕ್ಕೆ, ನಿಫ್ಟಿ 13,000 ದಾಟಿ ಮುಗಿದ ದಿನ.

ಈಗ ಲೆಕ್ಕ. 2017ರಲ್ಲೇ ಹಾಕಿ ಸುಮ್ಮನಿದ್ದಿದ್ದರೆ, ಕೊರೊನಾ ಕುಸಿತವನ್ನು ಪೂರ್ತಿ ಉಂಡ ಮೇಲೂ, 5 ಲಕ್ಷ ಅಂದಿಗೆ ಸುಮಾರು ಆರೂವರೆ ಲಕ್ಷವಾಗುತ್ತಿತ್ತು. ಲಾಭಾಂಶ ಬೇರೆ. ಉಳಿತಾಯ ಖಾತೆಯಲ್ಲಿ ಬಡ್ಡಿ ಸೇರಿ ಹೆಚ್ಚೆಂದರೆ 5 ಲಕ್ಷ 60 ಸಾವಿರ. ಅದೇ ಆರೂವರೆ ಲಕ್ಷದಿಂದ ಯುಗಾದಿ ಮತ್ತು ಏಪ್ರಿಲ್ 7, ಈ ಎರಡು ದಿನಗಳ ಏರಿಕೆಯನ್ನಷ್ಟೇ ಕಳೆದು ನೋಡಿ: ಉಳಿಯುವುದು ಅದೇ 5 ಲಕ್ಷ 60 ಸಾವಿರ. ಮೂರು ವರ್ಷಕ್ಕೂ ಹೆಚ್ಚಿನ ಗಳಿಕೆಯಲ್ಲಿ ಬಡ್ಡಿಗಿಂತ ಮೇಲಿನದ್ದೆಲ್ಲ ಎರಡು ದಿನಕ್ಕೆ ಸಮ.

ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಆ ಎರಡು ದಿನಗಳ ಜೊತೆ ಮಾರ್ಚ್ 23ರ ಕುಸಿತವನ್ನೂ ತಪ್ಪಿಸಿಕೊಂಡವರಿಗೆ ನಷ್ಟವೇನೂ ಇಲ್ಲ, ಹೆಚ್ಚುಕಮ್ಮಿ ಸರಿಗೆ ಸರಿ. ಆದರೆ ಹೊರಗೆ ಬರುವವರು ಸಾಮಾನ್ಯವಾಗಿ ಹೊಡೆತ ತಿಂದ ಮೇಲೆ ಬರುತ್ತಾರೆ, ಹೊರಗೇ ಇದ್ದ ನನ್ನಂಥವರು ಹೊಡೆತ ಕಂಡು ಇನ್ನಷ್ಟು ಹಿಂದೆ ಸರಿಯುತ್ತಾರೆ. ದೊಡ್ಡ ಏರಿಕೆಯ ದಿನಗಳು ಬಹಳ ಸಲ ದೊಡ್ಡ ಕುಸಿತದ ಬೆನ್ನಿಗೇ ಬರುತ್ತವೆ, ಭಯ ಇನ್ನೂ ಇಳಿಯದಿರುವಾಗ.

ಈಗ ಪ್ರತಿ ತಿಂಗಳು 5ನೇ ತಾರೀಖು ಎಸ್‌ಐಪಿ ಕಂತು ತಾನಾಗಿ ಕಡಿತವಾಗುತ್ತದೆ, ಅವತ್ತಿನ ನಿಫ್ಟಿ ಎಷ್ಟೆಂದು ನೋಡುವುದಿಲ್ಲ. ಮಗಳ ಮುಂದಿನ ವರ್ಷದ ಕಾಲೇಜು ಫೀಸು ಮಾತ್ರ ಎಫ್‌ಡಿಯಲ್ಲಿದೆ. ಅದನ್ನು ಮಾರುಕಟ್ಟೆಗೆ ಹಾಕುವುದಿಲ್ಲ.