ಡಿಬಿಆರ್‌ನಲ್ಲಿ ಗೋಡೆಗೆ ಎಷ್ಟು ತೂಕ ಹಿಡಿದಿದ್ದಾರೆ?

ಬಹುಮಹಡಿ ಕಟ್ಟಡದ ಪಿಲ್ಲರ್, ಬೀಮ್‌ಗಳ ಲೆಕ್ಕ ಶುರುವಾಗುವ ಮುನ್ನವೇ ಸ್ಟ್ರಕ್ಚರಲ್ ಎಂಜಿನಿಯರ್ ಒಂದು ಕಡತ ಬರೆಯಬೇಕು. ಅದರ ಹೆಸರು ಡಿಸೈನ್ ಬೇಸಿಸ್ ರಿಪೋರ್ಟ್, ಬಾಯಲ್ಲಿ ಡಿಬಿಆರ್. ಯಾವ ಸಂಹಿತೆ ಅನುಸರಿಸುತ್ತೇವೆ, ಎಷ್ಟು ಭಾರ ಹಿಡಿದಿದ್ದೇವೆ, ಯಾವ ಸಾಮಗ್ರಿ ಬಳಸುತ್ತೇವೆ, ಏನೇನು ಊಹಿಸಿದ್ದೇವೆ ಎಂಬುದೆಲ್ಲ ಅದರಲ್ಲಿರುತ್ತದೆ. ಬಹಳ ಕಡೆ ಲೆಕ್ಕ ಮುಗಿದ ಮೇಲೆ ಹಳೆಯ ಕಡತದ ಹೆಸರು ತಿದ್ದಿ ಇದನ್ನು ತಯಾರಿಸುತ್ತಾರೆ. ತೊಂದರೆ ಹುಟ್ಟುವುದೇ ಅಲ್ಲಿ.

ಬೆಂಗಳೂರಿನಲ್ಲಿ ಸ್ಟಿಲ್ಟ್ ಪಾರ್ಕಿಂಗ್ ಮೇಲೆ ನಾಲ್ಕು ಅಂತಸ್ತಿನ ಒಂದು ಅಪಾರ್ಟ್‌ಮೆಂಟ್ ಎಂದುಕೊಳ್ಳೋಣ. ಮೊದಲು ಸಂಹಿತೆಗಳನ್ನು ಇಸವಿ ಸಮೇತ ಬರೆಯಿರಿ. ಕಾಂಕ್ರೀಟಿಗೆ ಐಎಸ್ 456:2000, ಭಾರಗಳಿಗೆ ಐಎಸ್ 875, ಭೂಕಂಪಕ್ಕೆ ಐಎಸ್ 1893ರ ಮೊದಲ ಭಾಗ. ಇಸವಿ ಬಿಟ್ಟರೆ ಯಾವ ಆವೃತ್ತಿಯ ಲೆಕ್ಕವೆಂದು ಮುಂದೆ ಯಾರಿಗೂ ತಿಳಿಯದು. ಭೂಕಂಪದ 2016ರ ಆವೃತ್ತಿಯ ಪ್ರಕಾರ ಬೆಂಗಳೂರು ಎರಡನೇ ವಲಯ, ಮಂಗಳೂರು ಮೂರನೆಯದು. ಆದ್ದರಿಂದ ಒಂದೂರಿನ ಡಿಬಿಆರ್ ಇನ್ನೊಂದೂರಿಗೆ ಒಗ್ಗದು.

ಸಾಮಗ್ರಿಯ ಮಾತು ಚಿಕ್ಕದು. ಎಂ25 ಕಾಂಕ್ರೀಟ್, ಎಫ್‌ಇ 500ಡಿ ಕಬ್ಬಿಣ, ಕಬ್ಬಿಣದ ಹೊರಗೆ ಪಿಲ್ಲರಿಗೆ 40 ಮಿ.ಮೀ., ಪಾಯಕ್ಕೆ 50 ಮಿ.ಮೀ. ಕವರ್ ಎಂದು ಬರೆದರೆ ಈ ಕಟ್ಟಡಕ್ಕೆ ನಡೆಯುತ್ತದೆ. ಕಡಲ ಗಾಳಿಗೆ ಮೈಯೊಡ್ಡಿದ ಕಟ್ಟಡವಾದರೆ ಎಂ30ಕ್ಕಿಂತ ಕಡಿಮೆ ಆಗದು.

ನಿಧಾನಿಸಬೇಕಾದದ್ದು ಭಾರದ ಪುಟದಲ್ಲಿ. ಜನ, ಮಂಚ, ಬೀರು ಸೇರಿ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಮೆಟ್ಟಿಲಿಗೂ ಬಾಲ್ಕನಿಗೂ 3 ಎಂದು ಸಂಹಿತೆಯೇ ಹೇಳಿಕೊಟ್ಟಿದೆ. ಹತ್ತು ಕಿಲೋನ್ಯೂಟನ್ ಎಂದರೆ ಸುಮಾರು ಒಂದು ಟನ್. ಇಲ್ಲಿ ತಪ್ಪುವವರು ಕಡಿಮೆ. ತಪ್ಪುವುದು ಗೋಡೆಯಲ್ಲಿ.

ನಾನು ಕಂಡ ಒಂದು ಕೆಲಸದಲ್ಲಿ ಡಿಬಿಆರ್ ಹೇಳಿದ್ದು ಹಗುರವಾದ ಎಎಸಿ ಬ್ಲಾಕ್. ಸರಬರಾಜು ತಡವಾಯಿತೆಂದು ಸೈಟಿಗೆ ಬಂದಿಳಿದದ್ದು ಸಾಲಿಡ್ ಕಾಂಕ್ರೀಟ್ ಬ್ಲಾಕ್. ‘ಗಟ್ಟಿಯಾಗಿಯೇ ಇದೆಯಲ್ಲ ಸಾರ್’ ಎಂದರು ಮೇಸ್ತ್ರಿ. ಗಟ್ಟಿ ಹೌದು, ಆದರೆ ತೂಕ?

ಲೆಕ್ಕ ಹಾಕಿ ನೋಡಿ. ಅಂತಸ್ತಿನ ಎತ್ತರ 3 ಮೀಟರ್, ಬೀಮಿನ ಆಳ 0.45 ಮೀಟರ್ ಕಳೆದರೆ ಗೋಡೆಯ ಎತ್ತರ 2.55. ದಪ್ಪ 0.2 ಮೀಟರ್. ಗಾರೆ ಸೇರಿ ಎಎಸಿ ಗೋಡೆಗೆ ಘನ ಮೀಟರಿಗೆ 8 ಕಿಲೋನ್ಯೂಟನ್ ಹಿಡಿದರೆ ಒಂದು ಮೀಟರ್ ಉದ್ದಕ್ಕೆ 4.1, ಎರಡೂ ಬದಿಯ ಪ್ಲಾಸ್ಟರಿನ 1.5 ಕೂಡಿಸಿದರೆ 5.6. ಸಾಲಿಡ್ ಬ್ಲಾಕಿಗೆ ಘನ ಮೀಟರಿಗೆ 20 ಹಿಡಿದರೆ ಅದೇ ಗೋಡೆ 11.7 ಆಗುತ್ತದೆ. ಒಂದು ಅಂತಸ್ತಿನಲ್ಲಿ 60 ಮೀಟರ್ ಗೋಡೆಯಿದ್ದರೆ ಹೆಚ್ಚಿದ ಭಾರ ಸುಮಾರು 37 ಟನ್, ನಾಲ್ಕು ಅಂತಸ್ತಿಗೆ 150 ಟನ್ ಹತ್ತಿರ. ಇಷ್ಟೂ ಕೊನೆಗೆ ಪಾಯಕ್ಕೇ ಇಳಿಯುತ್ತದೆ. ಭೂಕಂಪದ ಬಲವನ್ನು ಕಟ್ಟಡದ ತೂಕದ ಮೇಲೆಯೇ ಲೆಕ್ಕ ಹಾಕುವುದರಿಂದ ಅದೂ ಏರುತ್ತದೆ. ಅದನ್ನು ಮೊದಲು ತಡೆಯಬೇಕಾದವು ಗೋಡೆಯಿಲ್ಲದ ಸ್ಟಿಲ್ಟಿನ ಪಿಲ್ಲರ್‌ಗಳು.

ಹಾಗಾಗಿ ‘ಗೋಡೆಯ ಭಾರ ಸಂಹಿತೆಯಂತೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಬ್ಲಾಕಿನ ಜಾತಿ, ದಪ್ಪ, ಹಿಡಿದ ತೂಕ ಮೂರನ್ನೂ ಬರೆಯಿರಿ. ಬಚ್ಚಲುಮನೆಯ ತಗ್ಗು ಸ್ಲ್ಯಾಬಿಗೂ ಇದೇ ಮಾತು. 300 ಮಿ.ಮೀ. ತಗ್ಗಿಗೆ ಇಟ್ಟಿಗೆ ಚೂರು, ಗಾರೆ ತುಂಬಿದರೆ ಚದರ ಮೀಟರಿಗೆ 5 ಕಿಲೋನ್ಯೂಟನ್ ಸುಲಭವಾಗಿ ಬರುತ್ತದೆ, ಅಂದರೆ ಕೋಣೆಯ ಜನಭಾರದ ಎರಡೂವರೆ ಪಟ್ಟು. ತಾರಸಿಯ 20,000 ಲೀಟರ್ ತೊಟ್ಟಿಯಲ್ಲಿ ನೀರೇ 20 ಟನ್. ಅದು ಯಾವ ಪಿಲ್ಲರ್‌ಗಳ ಮೇಲೆ ಕೂರುತ್ತದೆಂದು ನಕ್ಷೆಯ ಗುರುತಿನೊಂದಿಗೆ ನಮೂದಿಸಿ.

ಕೊನೆಗೆ ಊಹೆಗಳು. ಭೂಕಂಪದ ಬಲವನ್ನು ತಗ್ಗಿಸುವ ಗುಣಾಂಕ 3 ಎಂದು ಹಿಡಿದಿರೋ, 5 ಎಂದೋ? 5 ಎಂದರೆ ಲೆಕ್ಕದಲ್ಲಿ ಕಬ್ಬಿಣ ಉಳಿದೀತು. ಆದರೆ ಆಗ ಐಎಸ್ 13920 ಪಾಲಿಸಲೇಬೇಕು: ಪಿಲ್ಲರಿನ ರಿಂಗುಗಳ ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಬೇಕು, ಜೋಡಣೆಯ ಬಳಿ ರಿಂಗುಗಳು ಒತ್ತಾಗಿರಬೇಕು. ಕಾಗದದಲ್ಲಿ 5, ಸೈಟಿನಲ್ಲಿ 90 ಡಿಗ್ರಿ ಕೊಕ್ಕೆ ಕಂಡರೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ಮಣ್ಣಿನ ತಾಳಿಕೆಯನ್ನೂ ಪಕ್ಕದ ನಿವೇಶನ ನೋಡಿ ಬರೆಯಬೇಡಿ. ಈ ನಿವೇಶನದ ಪರೀಕ್ಷಾ ವರದಿಯ ದಿನಾಂಕ, ಆಳ, ಅಂಕಿ ಕಾಣಿಸಿ.

ಎಂಜಿನಿಯರ್, ಆರ್ಕಿಟೆಕ್ಟ್, ಮಾಲೀಕ ಮೂವರೂ ಸಹಿ ಹಾಕಿದ ಮೇಲೆ ಒಂದು ಪ್ರತಿ ಸೈಟಿನಲ್ಲಿರಲಿ. ಬದಲಾವಣೆಯಾದರೆ ಪರಿಷ್ಕರಣೆಯ ಸಂಖ್ಯೆ ಹಾಕಿ ಮತ್ತೆ ಸಹಿ ಮಾಡಿಸಿ.

ಮಾಲೀಕರು ತಾವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಲಾರಿಯಿಂದ ಇಳಿದ ಒಂದು ಬ್ಲಾಕನ್ನು ತಕ್ಕಡಿಗಿಡಿ. 400, 200, 200 ಮಿ.ಮೀ. ಅಳತೆಯದು 10 ಕಿಲೋ ಆಸುಪಾಸು ತೂಗಿದರೆ ಎಎಸಿ. 30 ಕಿಲೋ ದಾಟಿತೋ, ಡಿಬಿಆರ್ ತೆರೆದು ಗೋಡೆಯ ಸಾಲನ್ನು ಓದಿ, ಮೊದಲ ವರಸೆ ಕಟ್ಟುವ ಮುಂಚೆ ಎಂಜಿನಿಯರಿಗೆ ಫೋನ್ ಮಾಡಿ.