ಕೂಸಿನ ಫೋಟೋಕ್ಕ ಏನಂತ ಬರೀಲಿ?

ಜಮಖಂಡಿ

ಪ್ರೀತಿಯ ತಮ್ಮಾ,

ಬನಹಟ್ಟಿಯ ಗೆಳೆಯ ಮಗಳ ಫೋಟೋ ಕಳಿಸ್ಯಾನ, ಏನಂತ ಬರೀಲಿ ಕಾಕಾ ಎಂದು ಕೇಳಿದ್ದೀ. ಬರೇ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗಲಿಲ್ಲವಲ್ಲ, ಬೇಶ್.

ನಮ್ಮ ಕಡೆ ಕೂಸಿನ ಮಾರಿ ಕಂಡ ಕೂಡಲೇ "ಥೇಟ್ ಅಪ್ಪನಂಗ" ಅಂತಾರ. ಹುಟ್ಟಿ ಒಂದೆರಡು ದಿನದ ಕೂಸಿನ ತಲೆ ಹೆರಿಗೆಯ ಒತ್ತಡಕ್ಕೆ ಉದ್ದವಾಗಿರಬಹುದು, ರೆಪ್ಪೆ ಬಾತಿರಬಹುದು. ಮೈಬಣ್ಣ ಇನ್ನೂ ನೆಲೆ ನಿಂತಿರುವುದಿಲ್ಲ. ಅದರಲ್ಲಿ ಯಾರ ಹೋಲಿಕೆ ಹುಡುಕುತ್ತೀ? ಮೇಲಾಗಿ ಮೊದಲ ಬಾಣಂತನ ಮುಧೋಳದ ತವರಿನಲ್ಲಿ. ಅದೇ ಫೋಟೋವನ್ನು ಎರಡೂ ಮನೆಯವರು ನೋಡುತ್ತಾರೆ. "ಅಪ್ಪನ ಬಣ್ಣ ಬಂದಿಲ್ಲ" ಎಂಬ ಒಂದು ಸಾಲು ಹಡೆದವಳನ್ನು ಅಳಿಸೀತು. ದತ್ತು ಪಡೆದ ಮನೆಯಾದರಂತೂ ಹೊಗಳಿಕೆಯ ಹೋಲಿಕೆಯೂ ಚುಚ್ಚಬಹುದು.

ಆರೋಗ್ಯದ ಮಾತು ಇನ್ನೂ ಸೂಕ್ಷ್ಮ. "ಗುಂಡುಗುಂಡಾಗಿ ಗಟ್ಟಿ ಐತಿ" ಎಂಬುದೂ ಊಹೆಯೇ. ಫೋಟೋ ತೆಗೆದ ಮೇಲೆ ಕೂಸನ್ನು ಐಸಿಯುಗೆ ಒಯ್ದಿದ್ದರೆ ನಿನಗೇನು ಗೊತ್ತು? "ಹಳದಿ ಕಾಣ್ತದ" ಎನ್ನಬೇಡ. ಮೊಬೈಲು, ದೀಪದ ಬೆಳಕು ಬಣ್ಣವನ್ನೇ ಬದಲಿಸುತ್ತವೆ. ದವಾಖಾನೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ತೂಗಿ ನೋಡುವ ಕೆಲಸ ಅವಳದು. ಗೆಳೆಯನೇ "ಹಳದಿ ಕಾಣ್ತದೇನು?" ಎಂದು ಕೇಳಿದರೆ ಮಾತ್ರ, "ಇವತ್ತ ಡಾಕ್ಟರಿಗೆ ತೋರಸು" ಎಂದು ಫೋನಿನಲ್ಲಿ ಹೇಳು.

ಹಾಗಾದರೆ ಬರೆಯುವುದೇನು? ಅವನು ಹೇಳಿದ್ದು, ಫೋಟೋದಲ್ಲಿ ಕಂಡದ್ದು, ಇವೆರಡೇ ಸಾಕು. ಅವನು ಬರೆದದ್ದು: "ನಿನ್ನೆ ಸಂಜೀಕ ಮಗಳು ಬಂದ್ಲು. ಎರಡು ಮುಕ್ಕಾಲು ಕೇಜಿ. ಇನ್ನೂ ದವಾಖಾನ್ಯಾಗ ಅದೀವಿ." ಕಂಡದ್ದು: ಕೆಂಪು ಕುಂಚಿಗಿ, ಅಪ್ಪನ ಬೆರಳನ್ನು ಬಿಗಿಹಿಡಿದ ಮುಷ್ಟಿ. ತೂಕ ಹೆಚ್ಚೋ ಕಮ್ಮಿಯೋ ಎಂದು ತೀರ್ಪು ಕೊಡಬೇಡ, ಇನ್ನೂ ಯಾಕೆ ದವಾಖಾನೆ ಎಂದೂ ಕೇಳಬೇಡ. ನಾನಾದರೆ ಹೀಗೆ ಬರೆಯುತ್ತಿದ್ದೆ:

"ಮಗಳು ಬಂದ ಸುದ್ದಿ ಓದಿ ಭಾಳ ಖುಷಿ ಆತೋ! ಕೆಂಪು ಕುಂಚಿಗ್ಯಾಗ ಮಾರಿ ಏನ್ ಚಂದ ಕಾಣ್ತದ, ನಿನ್ನ ಬೆರಳ ಹ್ಯಾಂಗ ಹಿಡಕೊಂಡಾಳ ನೋಡು. ವೈನಿಗೆ ನನ್ನ ನಮಸ್ಕಾರ ಹೇಳು. ಅವ್ವ ಮಹಾಲಿಂಗಪುರದ ಬೆಲ್ಲ ಹಾಕಿ ಅಂಟಿನುಂಡಿ ಮಾಡಾಕತ್ಯಾಳ, ಯಾವತ್ತು ತರ್ಲಿ ಅಂತ ಪುರಸೊತ್ತಾದಾಗ ಹೇಳು. ಈಗ ಉತ್ತರ ಬರೀಬ್ಯಾಡ, ಮಲ್ಕೋ."

"ಚಂದ" ಎಂಬ ಮಾತಿಗೆ ಅಳತೆ ಬೇಕಿಲ್ಲ, ಅದನ್ನು ಧಾರಾಳವಾಗಿ ಬಳಸು. ಕೊನೆಯ ಸಾಲು ಮಾತ್ರ ಬಿಡಬೇಡ; ನಿದ್ದೆಗೆಟ್ಟವನಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಅವನೇ "ನಮ್ಮವ್ವನಂಗ ಅದಾಳ" ಎಂದು ಹಿಗ್ಗಿದರೆ, "ಹೌದೇನೋ! ಅಮ್ಮಗ ಎಷ್ಟ ಖುಷಿ ಆಗಿರಬೇಕು" ಎಂದು ಆ ಹಿಗ್ಗಿಗೆ ದನಿಗೂಡಿಸು, ಮೂಗು ನೋಡಿ ವಾದಕ್ಕಿಳಿಯಬೇಡ.

ಹೆಸರನ್ನೂ ಈಗಲೇ ಕೇಳಬೇಡ. ತೊಟ್ಟಿಲ ದಿನ ಸೋದರತ್ತೆ ಕಿವಿಯಲ್ಲಿ ಕುರ್ರ್ ಅಂತ ಹೇಳಿದ ಮೇಲೆ ತಿಳಿದೇ ತಿಳಿಯುತ್ತದೆ.

ನಿನ್ನ ಕಾಕಾ